ರೇಖಾಂಶವನ್ನು ಹೇಳಿಕೊಡಬೇಕು

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ನಮ್ಮ ಊರು ಗುಂಡ್ಲುಪೇಟೆಯಿಂದ ನಾಲ್ಕು ಮೈಲಿ. ಅಪ್ಪ ಅರಿಸಿನ, ಚೆಂಡು ಹೂವು ಬೆಳೆಯುತ್ತಿದ್ದರು. ಅಕ್ಕ ದಿನಾ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋಗಿ ಪಿಯುಸಿ ವಿಜ್ಞಾನ ಓದಿದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರು ಆ ಕಾಲೇಜಿನಲ್ಲಿ ಇರಲಿಲ್ಲ ಎಂದು ಅವಳ ಮೇಷ್ಟ್ರೇ ಅಪ್ಪನಿಗೆ ಹೇಳಿದ್ದರು. ಅಪ್ಪ ಅದನ್ನು ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದರು. ಮುಂದಿನ ಬೇಸಿಗೆಯಲ್ಲಿ ಚಾಮರಾಜನಗರದ ಅರಿಸಿನ ವ್ಯಾಪಾರಿಗಳ ಮನೆಯಿಂದ ಸಂಬಂಧ ಬಂತು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಮದುವೆಯಾಯಿತು. ಅದರಲ್ಲಿ ತಪ್ಪು ಯಾರದು ಎಂದು ನಾನು ಎಷ್ಟೋ ಸಲ ಹುಡುಕಿದ್ದೇನೆ. ಯಾರದ್ದೂ ಸಿಕ್ಕಿಲ್ಲ.

ನಾನು ಪಿಯುಸಿಗೆ ಬಂದಾಗ ಅಕ್ಕನ ಮನೆಯಲ್ಲೇ ಇದ್ದೆ. ವಿಮಾನ ಹಾರಿಸುವ ತರಬೇತಿಗೆ ಸರ್ಕಾರದ ನೆರವಿದೆ ಎಂಬ ಜಾಹೀರಾತನ್ನು ಪತ್ರಿಕೆಯಲ್ಲಿ ಮೊದಲು ನೋಡಿದವಳು ಅವಳೇ. ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ಬಂದಿದ್ದ ಹಳೆಯ ಪತ್ರಿಕೆ ಅದು. ನಿಂತಲ್ಲೇ ಎರಡು ಸಲ ಓದಿದಳು. ಆಮೇಲೆ ಹಾಳೆಯನ್ನು ನನ್ನ ಕಡೆ ಚಾಚಿ, ‘ಕೊನೆ ದಿನ ಇನ್ನೂ ಮುಗುದಿಲ್ಲ, ನೀನು ಹಾಕು ಕಣಮ್ಮಿ’ ಎಂದಳು. ಅರ್ಜಿ ತುಂಬಿದ್ದು ಅವಳು. ಸಹಿ ಮಾತ್ರ ನನ್ನದು.

ತರಬೇತಿಯಲ್ಲಿ ಹಾರಿಸುವುದಕ್ಕಿಂತ ಪರೀಕ್ಷೆಗಳೇ ಕಷ್ಟ. ಅದರಲ್ಲೂ ದಾರಿ ಹುಡುಕುವ ಶಾಸ್ತ್ರದ ಪತ್ರಿಕೆ. ಅದಕ್ಕೆ ಓದಲು ರಜೆ ಹಾಕಿ ಅಕ್ಕನ ಮನೆಗೇ ಬಂದೆ. ಆಗ ಅವಳ ಮಗಳು ಶಾಲೆಗೆ ಹೋಗುತ್ತಿದ್ದಳು. ಮಧ್ಯಾಹ್ನ ಅಂಗಡಿಗೆ ಊಟ ಕಳಿಸಿದ ಮೇಲೆ ಅಕ್ಕ ಅಡುಗೆಮನೆಯ ಹೊಸ್ತಿಲ ಮೇಲೆ ಕೂರುತ್ತಿದ್ದಳು. ನಾನು ಗಟ್ಟಿಯಾಗಿ ಓದಬೇಕು, ಅವಳು ಕೇಳಬೇಕು. ಅರ್ಥವಾಗದಿದ್ದರೆ ಮುಂದಕ್ಕೆ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಜಡತ್ವ ಯಂತ್ರದ ಪಾಠ ಬಂತು. ವಿಮಾನದ ಹೊಟ್ಟೆಯಲ್ಲಿ ಇಂಥ ಮೂರು ಪೆಟ್ಟಿಗೆಗಳಿರುತ್ತವೆ. ಒಂದೊಂದರಲ್ಲೂ ಮೂರು ಗೈರೋ, ಮೂರು ವೇಗೋತ್ಕರ್ಷ ಮಾಪಕ. ಗೈರೋದಲ್ಲಿ ಲೇಸರ್ ಬೆಳಕು ಎರಡು ದಿಕ್ಕಿನಲ್ಲಿ ಸುತ್ತುತ್ತದೆ. ಪೆಟ್ಟಿಗೆ ಒಂದಿಷ್ಟು ತಿರುಗಿದರೂ ಎರಡು ಬೆಳಕಿನ ನಡುವೆ ವ್ಯತ್ಯಾಸ ಬಂದು ಎಷ್ಟು ತಿರುಗಿತೆಂದು ಗೊತ್ತಾಗುತ್ತದೆ. ಮಾಪಕವು ವಿಮಾನವನ್ನು ಯಾವ ಕಡೆಗೆ ಎಷ್ಟು ತಳ್ಳಲಾಗುತ್ತಿದೆ ಎಂದು ಅಳೆಯುತ್ತದೆ. ಆ ತಳ್ಳುವಿಕೆಯನ್ನು ಕ್ಷಣಕ್ಷಣಕ್ಕೂ ಕೂಡಿದರೆ ವೇಗ, ವೇಗವನ್ನು ಕೂಡಿದರೆ ಸಾಗಿದ ದೂರ. ಹೊರಗಿನ ಯಾವ ಸಂಕೇತವೂ ಬೇಡ, ಕಿಟಕಿಯೂ ಬೇಡ. ‘ಎರಡು ಸಲ ಇಂಟಿಗ್ರೇಷನ್’ ಎಂದಳು ಅಕ್ಕ, ಬಹಳ ದಿನದ ಮೇಲೆ ಕಂಡ ಗೆಳತಿಯ ಹೆಸರು ಹೇಳುವಂತೆ.

ಹೊರಡುವ ಮೊದಲು ವಿಮಾನ ಅಲುಗಾಡದೆ ಹತ್ತು ನಿಮಿಷದಷ್ಟು ಹೊತ್ತು ನಿಂತಿರಬೇಕು ಎಂದು ಪುಸ್ತಕ ಹೇಳುತ್ತಿತ್ತು. ಆಗ ಮಾಪಕಗಳು ‘ಕೆಳಗೆ’ ಎಂದರೆ ಯಾವ ಕಡೆ ಎಂದು ತಿಳಿದುಕೊಳ್ಳುತ್ತವೆ. ಗೈರೋಗಳು ಭೂಮಿ ಗಂಟೆಗೆ ಹದಿನೈದು ಡಿಗ್ರಿ ತಿರುಗುವುದನ್ನೇ ಹಿಡಿದು ಉತ್ತರ ಯಾವುದೆಂದು ಕಂಡುಕೊಳ್ಳುತ್ತವೆ. ಇಷ್ಟರಿಂದ ಯಂತ್ರಕ್ಕೆ ತಾನಿರುವ ಅಕ್ಷಾಂಶ ತಾನಾಗಿಯೇ ತಿಳಿಯುತ್ತದೆ. ರೇಖಾಂಶ ತಿಳಿಯುವುದಿಲ್ಲ, ಅದನ್ನು ಹೇಳಿಕೊಡಬೇಕು. ಯಾಕೆ ಎಂದು ಪುಸ್ತಕದಲ್ಲಿ ಇರಲಿಲ್ಲ. ನಾನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಿದ್ದೆ.

‘ನಿಲ್ಸು’ ಎಂದಳು ಅಕ್ಕ.

ಎದ್ದು ಹೋಗಿ ಒಂದು ನಿಂಬೆಹಣ್ಣಿಗೆ ಪೊರಕೆ ಕಡ್ಡಿ ಚುಚ್ಚಿಕೊಂಡು ಬಂದಳು. ಕಡ್ಡಿ ಹಿಡಿದು ಹಣ್ಣನ್ನು ನಿಧಾನವಾಗಿ ತಿರುಗಿಸುತ್ತಾ ಅದರ ಮೇಲೆ ಬೆರಳಿಟ್ಟಳು. ಬೆರಳನ್ನು ಮೇಲಕ್ಕೂ ಕೆಳಕ್ಕೂ ಸರಿಸಿದಳು. ಆಮೇಲೆ ಅದೇ ಎತ್ತರದಲ್ಲಿ ಸುತ್ತಲೂ ಸರಿಸಿದಳು. ಹಣ್ಣಿನಿಂದ ಕಣ್ಣು ತೆಗೆಯದೆ ಹೇಳಿದಳು: ‘ಮೇಲಕ್ಕೋ ಕೆಳಕ್ಕೋ ಹೋದ್ರೆ ಕಡ್ಡಿಗೂ ನನ್ನ ಬೆರಳ್ಗೂ ಇರೋ ಕೋನ ಬದ್ಲಾಯ್ತದೆ. ಸುತ್ತ ಹೋದ್ರೆ ಏನೂ ಬದ್ಲಾಗಲ್ಲ, ಎಲ್ಲಾ ಕಡೆನೂ ಒಂದೇ ಥರ ತಿರುಗ್ತದೆ. ಪಾಪ, ಅದುಕ್ಕೆ ಯಂಗೆ ಗೊತ್ತಾಗ್ಬೇಕು. ಯಾರಾದ್ರೂ ಹೇಳ್ಬೇಕು.’

ನಾನು ಆ ಪರೀಕ್ಷೆ ಪಾಸಾದೆ. ಮುಂದೆ ಎಷ್ಟೋ ಪರೀಕ್ಷೆ ಪಾಸಾದೆ. ಆದರೆ ಆ ದಿನ ಹೊಸ್ತಿಲ ಮೇಲೆ ಅಕ್ಕನ ಮುಖದಲ್ಲಿ ಕಂಡ ಬೆಳಕನ್ನು ನಾನು ಯಾವ ತರಗತಿಯಲ್ಲೂ ಯಾರ ಮುಖದಲ್ಲೂ ಕಾಣಲಿಲ್ಲ. ಆ ಮಧ್ಯಾಹ್ನ ಅಷ್ಟರಲ್ಲೇ ಅವಳ ಅತ್ತೆ ಒಳಗಿಂದ ಕರೆದರು. ಅಕ್ಕ ಕಡ್ಡಿ ಕಿತ್ತು ನಿಂಬೆಹಣ್ಣನ್ನು ತೊಳೆದು ಬುಟ್ಟಿಗೆ ಹಾಕಿ ಎದ್ದು ಹೋದಳು.

ವರ್ಷಗಳು ಕಳೆದವು. ನಾನು ಸಹ ಪೈಲಟ್ ಆಗಿ, ಆಮೇಲೆ ಕ್ಯಾಪ್ಟನ್ ಆದೆ. ಬೆಂಗಳೂರಿನಿಂದ ಕೊಲ್ಲಿಯ ಊರುಗಳಿಗೆ ಹೋಗಿ ಬರುವುದು ನನ್ನ ಪಾಲಿನ ಕೆಲಸವಾಯಿತು. ಅಕ್ಕನ ಮಗಳು ನರ್ಸಿಂಗ್ ಓದಿ ಅಲ್ಲಿಯ ಒಂದು ಆಸ್ಪತ್ರೆ ಸೇರಿದಳು. ಅವಳಿಗೆ ಹೆರಿಗೆಯಾದಾಗ ಬಾಣಂತನಕ್ಕೆಂದು ಅಕ್ಕ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋಗಿ ಮೂರು ತಿಂಗಳು ಇದ್ದಳು. ಹೋಗುವಾಗ ಬೇರೆ ಯಾರದೋ ವಿಮಾನ. ಬರುವಾಗ ನನ್ನದೇ ಆಗಬೇಕೆಂದು ನಾನು ಹಟ ಹಿಡಿದು ಒಬ್ಬ ಸಹೋದ್ಯೋಗಿಯ ಜೊತೆ ಸರದಿ ಬದಲಿಸಿಕೊಂಡೆ.

ಬೆಳಗಿನ ವಿಮಾನ. ಅಕ್ಕ ಬಾಗಿಲಿನ ಹತ್ತಿರ ಬಂದಾಗ ನಾನು ಹೊರಗೆ ಬಂದು ನಿಂತಿದ್ದೆ. ಅವಳು ನನ್ನ ಭುಜದ ಮೇಲಿನ ಕ್ಯಾಪ್ಟನ್ನಿನ ನಾಲ್ಕು ಪಟ್ಟಿ ನೋಡಿದಳು, ನನ್ನ ಮುಖ ನೋಡಲಿಲ್ಲ. ಹಿಂದೆ ಜನ ನಿಂತಿದ್ದರು. ‘ರೇಖಾಂಶ ಹೇಳ್ಕೊಟ್ಟಿದ್ದೀಯಾ?’ ಎಂದು ಮೆಲ್ಲಗೆ ಕೇಳಿದಳು. ಅದನ್ನು ಈಗ ಜಿಪಿಎಸ್‌ನಿಂದಲೇ ತುಂಬುತ್ತೇವೆ, ನಾವು ಸರಿಯಿದೆಯೇ ಎಂದು ನೋಡಿ ಒಪ್ಪುತ್ತೇವೆ ಎಂದೆ. ತಲೆಯಾಡಿಸಿ ಹದಿನಾಲ್ಕನೆಯ ಸಾಲಿನ ಕಿಟಕಿಯ ಪಕ್ಕ ಹೋಗಿ ಕುಳಿತಳು.

ಆ ಪ್ರದೇಶದಲ್ಲಿ ಜಿಪಿಎಸ್ ಸಂಕೇತಗಳಿಗೆ ಅಡ್ಡಿಯಿದೆ ಎಂಬ ಎಚ್ಚರಿಕೆ ಹೊರಡುವ ಮುಂಚಿನ ಕಾಗದಗಳಲ್ಲಿ ಇತ್ತು. ಉಪಗ್ರಹದ ಸಂಕೇತ ನೆಲಕ್ಕೆ ಬರುವಷ್ಟರಲ್ಲಿ ಬಹಳ ಕ್ಷೀಣವಾಗಿರುತ್ತದೆ. ಯಾರಾದರೂ ನೆಲದ ಮೇಲಿಂದ ಅದೇ ತರಂಗದಲ್ಲಿ ಜೋರಾಗಿ ಕೂಗಿದರೆ ಅದು ಮುಳುಗಿಹೋಗುತ್ತದೆ. ಕೆಲವರು ಕೂಗುವುದಷ್ಟೇ ಅಲ್ಲ, ಉಪಗ್ರಹದ ದನಿಯನ್ನೇ ಅನುಕರಿಸಿ ಸುಳ್ಳು ನೆಲೆಯನ್ನು ಹೇಳುತ್ತಾರೆ. ಅಂಥ ದಿನಗಳು ಆಗೀಗ ಬರುತ್ತಿದ್ದವು. ಹೊಸದೇನಲ್ಲ.

ಹೊರಟ ಅರ್ಧ ಗಂಟೆಯೊಳಗೆ ನನ್ನ ಸಹ ಪೈಲಟ್, ‘ಮೇಡಂ, ಗಡಿಯಾರ ನೋಡಿ’ ಎಂದ. ಅವನೂ ಮೈಸೂರು ಕಡೆಯವನು. ವಿಮಾನದ ಗಡಿಯಾರಕ್ಕೆ ಸಮಯ ಬರುವುದೂ ಜಿಪಿಎಸ್‌ನಿಂದಲೇ. ಅದು ಒಮ್ಮೆಗೇ ಹಿಂದಕ್ಕೆ ಹಾರಿತ್ತು. ಮರುಕ್ಷಣ ಎರಡೂ ಜಿಪಿಎಸ್ ಗ್ರಾಹಕಗಳು ನಾವು ಎಷ್ಟೋ ದೂರದ ಒಂದು ವಿಮಾನ ನಿಲ್ದಾಣದ ಮೇಲಿದ್ದೇವೆ ಎಂದವು. ಜಡತ್ವ ಯಂತ್ರಗಳು ಮೂರೂ ನಾವು ಇದ್ದ ಕಡೆಯೇ ಇದ್ದೇವೆ ಎಂದವು.

ಮಾಮೂಲಿ ದಿನಗಳಲ್ಲಿ ಇವೆರಡೂ ಒಂದಕ್ಕೊಂದು ಆಸರೆ. ಜಡತ್ವ ಯಂತ್ರದ ಲೆಕ್ಕ ನುಣುಪು, ಯಾರೂ ಅದನ್ನು ಕೆಡಿಸಲಾರರು. ಆದರೆ ಮೊದಲ ಸಣ್ಣ ತಪ್ಪನ್ನೂ ಅದು ಕೂಡುತ್ತಲೇ ಹೋಗುವುದರಿಂದ ಗಂಟೆ ಕಳೆದಂತೆ ಮೈಲಿಯೋ ಎರಡು ಮೈಲಿಯೋ ಜಾರುತ್ತದೆ. ಜಿಪಿಎಸ್‌ನ ತಪ್ಪು ಹೊತ್ತು ಕಳೆದಂತೆ ಬೆಳೆಯುವುದಿಲ್ಲ, ಆದರೆ ಅದಕ್ಕೆ ಆಕಾಶದಿಂದ ಸಂಕೇತ ಬರುತ್ತಲೇ ಇರಬೇಕು. ಆದ್ದರಿಂದ ಕಂಪ್ಯೂಟರ್ ಎರಡನ್ನೂ ಹೋಲಿಸಿ, ಜಡತ್ವ ಯಂತ್ರ ಯಾವ ಕಡೆಗೆ ಎಷ್ಟು ಜಾರುತ್ತಿದೆ ಎಂದು ಅಂದಾಜು ಮಾಡಿ ತಿದ್ದುತ್ತಿರುತ್ತದೆ. ಸಂಕೇತ ತಪ್ಪಿದರೆ, ಕೊನೆಯ ಸಲ ತಿದ್ದಿದ ನೆಲೆಯಿಂದ ಜಡತ್ವ ಯಂತ್ರ ಒಂಟಿಯಾಗಿ ಮುಂದೆ ನಡೆಯುತ್ತದೆ. ಅಪಾಯ ಇರುವುದು ಸಂಕೇತ ತಪ್ಪಿದಾಗಲ್ಲ, ಸುಳ್ಳು ಸಂಕೇತದಿಂದ ತಿದ್ದಿಸಿಕೊಂಡಾಗ.

ಇಂಥ ಹೊತ್ತಿಗೆಂದೇ ಇರುವ ಸೂಚನೆಗಳ ಪಟ್ಟಿಯಲ್ಲಿದ್ದಂತೆ ನಾವು ಜಿಪಿಎಸ್ ಅನ್ನು ದಾರಿಯ ಲೆಕ್ಕದಿಂದ ತೆಗೆದುಹಾಕಿದೆವು. ತೀರದ ರೇಡಿಯೋ ಕೇಂದ್ರಗಳು ಇನ್ನೂ ಕೇಳಿಸುತ್ತಿದ್ದವು. ಅವುಗಳಿಂದ ನಮಗಿರುವ ದೂರವನ್ನು ಜಡತ್ವ ಯಂತ್ರ ಹೇಳಿದ ನೆಲೆಗೆ ಹೋಲಿಸಿದೆವು. ಸರಿಯಾಗಿ ಕೂತಿತು. ಆಮೇಲೆ ಅರಬ್ಬಿ ಸಮುದ್ರ. ಒಂದೊಂದಾಗಿ ಕೇಂದ್ರಗಳು ದೂರವಾಗಿ ಮೌನವಾದವು. ಸಮುದ್ರದ ನಡುವೆ ಅಂಥ ಕೇಂದ್ರ ನೆಡಲು ಜಾಗವಿಲ್ಲ. ಅಡ್ಡಿಯ ಪ್ರದೇಶ ದಾಟಿದ ಮೇಲೆ ಗ್ರಾಹಕಗಳು ಚೇತರಿಸಿಕೊಳ್ಳಬೇಕಿತ್ತು. ಒಂದು ಚೇತರಿಸಿಕೊಳ್ಳಲೇ ಇಲ್ಲ. ಇನ್ನೊಂದು ನೆಲೆ ಹೇಳತೊಡಗಿತು, ಆದರೆ ದಿನಾಂಕ ತಪ್ಪಿತ್ತು. ದಿನಾಂಕ ತಪ್ಪು ಹೇಳುವವನ ದಾರಿಯನ್ನು ನಂಬುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದೆವು.

ರೇಡಿಯೋದಲ್ಲಿ ನಿಯಂತ್ರಕರಿಗೆ ಪರಿಸ್ಥಿತಿ ತಿಳಿಸಿದೆ. ಅವರು ನಮಗೂ ಬೇರೆ ವಿಮಾನಗಳಿಗೂ ನಡುವಿನ ಅಂತರ ಹೆಚ್ಚಿಸಿದರು. ಕೇಳಿದ್ದ ಎತ್ತರ ಕೊಡಲಿಲ್ಲ, ಇದ್ದ ಎತ್ತರದಲ್ಲೇ ಬನ್ನಿ, ಗೊತ್ತುಪಡಿಸಿದ ಬಿಂದುಗಳಲ್ಲಿ ನೆಲೆ ಹೇಳಿ ಎಂದರು. ಸಹ ಪೈಲಟ್ ಸ್ವಲ್ಪ ಹೊತ್ತಿಗೊಮ್ಮೆ ಮೂರು ಯಂತ್ರಗಳ ನೆಲೆಯನ್ನು ಬರೆದಿಡುತ್ತಿದ್ದ. ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಮೂರನೆಯದು ಮೆಲ್ಲಗೆ ದಕ್ಷಿಣಕ್ಕೆ ಸರಿಯುತ್ತಿತ್ತು. ಕಂಪ್ಯೂಟರ್ ಮೂರನ್ನೂ ತೂಗಿ, ಬೇರೆಯಾದುದಕ್ಕೆ ಕಡಿಮೆ ಬೆಲೆ ಕೊಟ್ಟು, ಒಂದು ನೆಲೆ ಹೇಳುತ್ತಿತ್ತು. ಹೆದರುವಂಥದ್ದೇನೂ ಇರಲಿಲ್ಲ. ಇಂಥ ಸಮುದ್ರವನ್ನು ಹಿಂದಿನವರು ಜಿಪಿಎಸ್ ಇಲ್ಲದೆಯೇ ದಾಟುತ್ತಿದ್ದರು.

ಆಗ ಕ್ಯಾಬಿನ್ ಸಿಬ್ಬಂದಿಯ ಹಿರಿಯಳು ಫೋನಿನಲ್ಲಿ ಪ್ರಯಾಣಿಕರು ಗಾಬರಿಯಾಗಿದ್ದಾರೆ ಎಂದಳು. ನಮ್ಮ ವಿಮಾನದಲ್ಲಿ ಸೀಟಿನ ಮುಂದಿನ ಪರದೆಯ ಭೂಪಟಕ್ಕೆ ನೆಲೆ ಬರುವುದು ನೇರ ಆ ಚೇತರಿಸಿಕೊಳ್ಳದ ಜಿಪಿಎಸ್ ಗ್ರಾಹಕದಿಂದ. ಅದರಲ್ಲಿ ವಿಮಾನ ಮರುಭೂಮಿಯ ಮಧ್ಯದಲ್ಲಿ ನಿಂತುಬಿಟ್ಟಿತ್ತು. ಕಿಟಕಿಯಾಚೆ ನೋಡಿದರೆ ನೀರು. ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ ಎಂದು ಒಬ್ಬರು ಜೋರಾಗಿಯೇ ಕೇಳಿದ್ದರಂತೆ.

ನಾನು ಮೈಕ್ ಹಿಡಿದು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ವಿಷಯ ಹೇಳಿದೆ. ಕನ್ನಡಕ್ಕೆ ಬಂದಾಗ, ನನಗೇ ಗೊತ್ತಿಲ್ಲದೆ, ಹದಿನಾಲ್ಕನೆಯ ಸಾಲಿಗೆ ಮಾತಾಡತೊಡಗಿದೆ. ಆಕಾಶದಿಂದ ಬರುವ ಸಂಕೇತ ಈ ಹೊತ್ತು ನಂಬುವಂತಿಲ್ಲ, ಅದಕ್ಕೇ ಭೂಪಟ ತಪ್ಪು ತೋರಿಸುತ್ತಿದೆ. ಆದರೆ ಹೊರಟ ಜಾಗದಿಂದ ಇಲ್ಲಿಯವರೆಗೆ ಪ್ರತಿ ತಿರುವನ್ನೂ ಪ್ರತಿ ತಳ್ಳುವಿಕೆಯನ್ನೂ ಕೂಡಿಕೊಂಡು ಬಂದ ಮೂರು ಯಂತ್ರಗಳು ನಮ್ಮಲ್ಲಿವೆ, ನಾವು ಎಲ್ಲಿದ್ದೇವೆ ಎಂದು ನಮಗೆ ಗೊತ್ತು ಎಂದೆ. ಮೈಕ್ ಇಟ್ಟೆ. ಅಕ್ಕ ನನ್ನ ಹಿಂದೆ ಹದಿನೈದು ಹೆಜ್ಜೆ ದೂರದಲ್ಲಿದ್ದಾಳೆ. ನಡುವೆ ಗುಂಡು ತೂರದ ಬಾಗಿಲು. ನಿಯಮದ ಪ್ರಕಾರ ಅದು ತೆರೆಯುವಂತಿಲ್ಲ. ಈ ಮೂರು ಅಂಕಿಗಳನ್ನು, ಒಂದು ಮೆಲ್ಲಗೆ ಬೇರೆಯಾಗುವುದನ್ನು, ಇಡೀ ವಿಮಾನದಲ್ಲಿ ನೋಡಿ ಖುಷಿಪಡುವ ಜೀವ ಅದೊಂದೇ. ಅದು ಹೊರಗೆ ಕೂತಿದೆ.

ಸಮುದ್ರ ಮುಗಿಯಲು ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು. ಮಂಗಳೂರು ಕಡೆಯ ರೇಡಿಯೋ ಕೇಂದ್ರ ಮೊದಲು ಮಾತಾಡಿತು, ಆಮೇಲೆ ಇನ್ನೊಂದು. ಎರಡರ ದೂರ ಸಿಕ್ಕಿದೊಡನೆ ಕಂಪ್ಯೂಟರ್ ತನ್ನ ನೆಲೆಯನ್ನು ತಿದ್ದಿಕೊಂಡಿತು. ತೆರೆಯ ಮೇಲಿನ ದಾರಿ ಸ್ವಲ್ಪ ಬದಿಗೆ ಸರಿದದ್ದು ಕಣ್ಣಿಗೆ ಕಂಡಿತು. ಎರಡು ಮೈಲಿಗೂ ಕಡಿಮೆ ತಪ್ಪು. ಸಹ ಪೈಲಟ್ ಉಸಿರು ಬಿಟ್ಟು ನಕ್ಕ. ಬಿಸಿಲಿನಲ್ಲಿ ಕರಾವಳಿಯ ಬಿಳಿ ಗೆರೆ ಎದುರಿಗೇ ಬಂತು.

ಬೆಂಗಳೂರಿನಲ್ಲಿ ಇಳಿದು, ಎಲ್ಲರೂ ಹೋದ ಮೇಲೆ, ಅಕ್ಕ ಸೀಟಿನಲ್ಲೇ ಕೂತಿದ್ದಳು. ಮಡಿಲಲ್ಲಿ ಒಂದು ಚಿಕ್ಕ ಪುಸ್ತಕ. ಮೊಮ್ಮಗುವಿಗೆ ಹಾಲು ಕುಡಿಸಿದ ಹೊತ್ತುಗಳನ್ನು ಬರೆದಿಟ್ಟಿದ್ದ ಪುಸ್ತಕ ಅದು. ಅದರ ಕೊನೆಯ ಪುಟದಲ್ಲಿ ಬೇರೆ ಅಂಕಿಗಳಿದ್ದವು. ಭೂಪಟ ಕೆಡುವ ಮುಂಚೆ ಅದರಲ್ಲಿ ವೇಗ ಗಂಟೆಗೆ ಎಂಟುನೂರ ಐವತ್ತು ಕಿಲೋಮೀಟರ್ ಎಂದಿತ್ತಂತೆ. ಅದನ್ನೂ ತನ್ನ ಕೈಗಡಿಯಾರವನ್ನೂ ಹಿಡಿದು, ಬಿಸಿಲು ಕಿಟಕಿಯಲ್ಲಿ ಯಾವ ಕಡೆಯಿಂದ ಬೀಳುತ್ತದೆ ನೋಡುತ್ತಾ, ದಾರಿ ತಿರುಗಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕರಾವಳಿ ಎಷ್ಟು ಹೊತ್ತಿಗೆ ಬರಬೇಕು ಎಂದು ಲೆಕ್ಕ ಹಾಕಿದ್ದಳು. ಪಕ್ಕದಲ್ಲಿ ಅಳುತ್ತಿದ್ದ ಒಬ್ಬ ಹೆಂಗಸಿಗೆ ಆ ಹೊತ್ತನ್ನೂ ಹೇಳಿದ್ದಳು.

‘ಹನ್ನೆರಡು ನಿಮಿಷ ಮೊದ್ಲೇ ಬಂದ್ಬುಡ್ತು’ ಎಂದಳು, ಬೇಸರದಿಂದ. ‘ಎಲ್ಲಿ ತಪ್ಪುದೆ?’

ಹಿಂದಿನಿಂದ ಗಾಳಿ ಇತ್ತು ಎಂದೆ. ಅವಳು ವೇಗವನ್ನು ಒಮ್ಮೆ ನೋಡಿ ಅದೇ ಇರುತ್ತದೆ ಎಂದುಕೊಂಡಿದ್ದಳು, ಮುಂದೆ ಹೋದಂತೆ ಗಾಳಿ ಜೋರಾಯಿತು. ಹಾಗಾದರೆ ನಿನ್ನ ಯಂತ್ರ ಯಾಕೆ ತಪ್ಪಲಿಲ್ಲ ಎಂದು ಕೇಳಲು ಬಾಯಿ ತೆರೆದವಳು ತಾನೇ ನಿಲ್ಲಿಸಿದಳು. ‘ಗಾಳಿ ತಳ್ಳುದ್ರೆ ಅದುಕ್ಕೆ ಗೊತ್ತಾಯ್ತದೆ ಅಲ್ವಾ. ತಳ್ಳೋದನ್ನೇ ತಾನೆ ಅದು ಅಳೆಯದು.’ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. ಸ್ವಚ್ಛ ಮಾಡುವವರು ಬಂದಿದ್ದರು. ಎದ್ದು ಹೊರಟಳು.

ಆಮೇಲಿನದೆಲ್ಲ ಕಾಗದದ ಕೆಲಸ. ನಾನು ವರದಿ ಬರೆದೆ. ಎಂಜಿನಿಯರುಗಳು ಗ್ರಾಹಕಗಳಿಗೆ ವಿದ್ಯುತ್ ತೆಗೆದು ಮತ್ತೆ ಕೊಟ್ಟರು. ಅವು ಏನೂ ಆಗಿಯೇ ಇಲ್ಲವೆಂಬಂತೆ ಸರಿಯಾದ ನೆಲೆ, ಸರಿಯಾದ ದಿನ ಹೇಳಿದವು.

ಆ ವಾರದ ಕೊನೆಯಲ್ಲಿ ನಾನು ಊರಿಗೆ ಹೋದೆ. ಅಕ್ಕನೂ ಅಮ್ಮನನ್ನು ನೋಡಲು ಬಂದಿದ್ದಳು. ಸಂಜೆ ಇಬ್ಬರೂ ಚೆಂಡು ಹೂವಿನ ಹೊಲದ ಬದುವಿನ ಮೇಲೆ ನಡೆದೆವು. ಕೊಯ್ಯುವವರು ಮೂಟೆ ಕಟ್ಟಿ ರಸ್ತೆಯ ಕಡೆ ಹೊತ್ತು ಹೋಗುತ್ತಿದ್ದರು. ನಾನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಮಾತನ್ನು ಹೇಳಿದೆ. ಬೆಂಗಳೂರಿನಲ್ಲಿ ನಮ್ಮ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್ ಇದೆ, ವಿಮಾನದ ಮುಂಭಾಗವನ್ನೇ ಕತ್ತರಿಸಿ ಇಟ್ಟಂತೆ. ಅಲ್ಲಿಯ ಹಿರಿಯರ ಹತ್ತಿರ ಮಾತಾಡಿದ್ದೇನೆ, ಒಂದು ಗಂಟೆ ಕೊಡುತ್ತಾರೆ. ನೀನು ಬಲಗಡೆ, ಸಹ ಪೈಲಟ್ ಜಾಗದಲ್ಲಿ ಕೂರು. ಸಮುದ್ರದ ಮೇಲೆ ಹೋಗಿ ಜಿಪಿಎಸ್ ಕೆಡಿಸಿ ಮೂರು ಅಂಕಿ ನಿನ್ನ ಕಣ್ಣೆದುರಿಗೇ ತೋರಿಸುತ್ತೇನೆ ಎಂದೆ.

ಅಕ್ಕ ನಡೆಯುತ್ತಲೇ ಇದ್ದಳು.

‘ಬ್ಯಾಡ ಕಣಮ್ಮಿ’ ಎಂದಳು.

‘ಯಾಕಕ್ಕ? ಯಾರೂ ಏನೂ ಅನ್ಕಳಲ್ಲ.’

‘ಅನ್ಕಳ್ಳೋರ ವಿಚಾರ ಅಲ್ಲ.’ ಒಂದು ಹೂವನ್ನು ಕಿತ್ತು ಮತ್ತೆ ಗಿಡದ ಬುಡಕ್ಕೇ ಹಾಕಿದಳು. ‘ಇಷ್ಟ್ ವರ್ಷ ನೀನು ಹೇಳ್ತಿದ್ದೆ, ನಾನು ಕೇಳ್ತಿದ್ದೆ. ಅಷ್ಟ್ರಲ್ಲೇ ಇದ್ಬುಟ್ಟೆ. ಒಂದ್ ಗಂಟೆ ಅಲ್ಲಿ ಕೂತ್ಕಂಡ್ ಬಂದ್ರೆ, ಆಮೇಲೆ ಅಂಗ್ಡಿ ಮನೇಲಿ ಯಂಗ್ ಇರ್ಲಿ, ಹೇಳು.’

ಅವಳು ಅತ್ತಿದ್ದರೆ ನಾನೂ ಅತ್ತು ಹಗುರವಾಗುತ್ತಿದ್ದೆ. ಅವಳು ಅಳಲಿಲ್ಲ. ಅಮ್ಮನಿಗೆ ಕಾಫಿ ಹೊತ್ತಾಯಿತು ಎಂದು ಮನೆಯ ಕಡೆ ತಿರುಗಿದಳು. ಮೊದಲ ಬಾರಿಗೆ ನನಗೆ ಅರ್ಥವಾಯಿತು: ನಾನು ಕೊಡಲು ಹೋದದ್ದು ಉಡುಗೊರೆಯಲ್ಲ. ನನ್ನ ಹೊರೆಯನ್ನು ಇಳಿಸಿಕೊಳ್ಳಲು ಅವಳ ಮುಂದೆ ಚಾಚಿದ್ದೆ. ಅವಳು ಕೈ ಚಾಚಲಿಲ್ಲ, ಅಷ್ಟೆ.

ಆದರೂ ಹಂಬಲ ಹೋಗುವುದಿಲ್ಲ. ಬೆಳಗಿನ ಹೊತ್ತು ವಿಮಾನ ನಿಂತಿರುವಾಗ, ಪೆಟ್ಟಿಗೆಗಳು ಭೂಮಿ ತಿರುಗುವುದನ್ನು ಹಿಡಿಯುತ್ತಾ ಉತ್ತರ ಹುಡುಕುವಾಗ, ಯಾರೂ ವಿಮಾನವನ್ನು ಅಲುಗಿಸದಿರಲಿ ಎಂದು ಕಾಯುವ ಆ ನಿಮಿಷಗಳಲ್ಲಿ, ಬಲಗಡೆಯ ಸೀಟನ್ನು ನೋಡುತ್ತೇನೆ. ಅಲ್ಲಿ ಯಾರೋ ಇದ್ದೇ ಇರುತ್ತಾರೆ, ಒಳ್ಳೆಯ ಕೆಲಸಗಾರರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಮೊನ್ನೆ ಮಾಲ್ಡೀವ್ಸ್ ಕಡೆಯ ವಿಮಾನ ನನ್ನ ಪಾಲಿಗೆ ಬಂತು. ಬೆಂಗಳೂರಿನಿಂದ ಆ ದಾರಿ ನೈಋತ್ಯಕ್ಕೆ ಇಳಿದು ಚಾಮರಾಜನಗರದ ಆಸುಪಾಸಿನಲ್ಲೇ ಹೋಗುತ್ತದೆ. ಹಿಂದಿನ ಸಂಜೆ ಅಕ್ಕನಿಗೆ ಫೋನ್ ಮಾಡಿ ಹತ್ತು ಗಂಟೆ ಹದಿನೈದು ನಿಮಿಷಕ್ಕೆ ನಿನ್ನ ತಲೆಯ ಮೇಲಿರುತ್ತೇನೆ ಎಂದೆ. ಅರಿಸಿನ ಬೇಯಿಸುವ ದಿನ, ಆದರೆ ನೋಡುತ್ತೇನೆ ಎಂದಳು. ಅಂದು ಬೆಳಿಗ್ಗೆ ಕೆಳಗೆಲ್ಲ ಮೋಡ. ನನಗೆ ಊರು ಕಾಣಲಿಲ್ಲ. ತೆರೆಯ ಮೇಲೆ ಅಕ್ಷಾಂಶ ರೇಖಾಂಶದ ಅಂಕಿಗಳು ಮಾತ್ರ ಅವಳ ಮನೆಯ ಮೇಲೆ ಹಾದುಹೋದವು.

ಸಂಜೆ ವಾಪಸು ಬಂದು ಇಳಿದ ಮೇಲೆ ಕರೆ ಮಾಡಿದೆ. ಹಿಂದಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು.

‘ಹಿತ್ತಲಲ್ಲಿ ನಿಂತಿದ್ದೆ ಕಣಮ್ಮಿ’ ಎಂದಳು. ‘ಸದ್ದು ಕೇಳ್ತು. ನೀನು ಹೇಳಿದ್ ಹೊತ್ತೇ. ಕಾಣ್ನಿಲ್ಲ.’